ಕಾಸರಗೋಡು ದಕ್ಷಿಣ ಭಾರತದಲ್ಲಿದೆ, ಹಾಗಾದರೆ ಗೋಳಾರ್ಧ ಯಾವುದು? ಪ್ರಾಥಮಿಕ ಮಕ್ಕಳಿಗೊಂದು ಕ್ವಿಜ್, ಉತ್ತರ ಸಮೇತ

ಕಾಸರಗೋಡಿನ ಕನ್ನಡ ಮಾಧ್ಯಮದ ಒಂದು ಎಲ್‌ಪಿ ಶಾಲೆಯಲ್ಲಿ ಪಾಠ ಮಾಡುವವಳು ನಾನು. ಈ ಪ್ರಶ್ನೆಗಳೆಲ್ಲ ಮಕ್ಕಳು ಕೊಟ್ಟ ತಪ್ಪು ಉತ್ತರಗಳಿಂದಲೇ ಹುಟ್ಟಿದವು. ಯಾವ ಪ್ರಶ್ನೆಗೆ ಇಡೀ ಕ್ಲಾಸು ಒಟ್ಟಿಗೆ ತಪ್ಪುತ್ತದೋ ಅದನ್ನು ನೋಟ್ ಪುಸ್ತಕದಲ್ಲಿ ಬರೆದಿಡುವ ಅಭ್ಯಾಸ ನನಗಿದೆ. ಎಲ್‌ಎಸ್‌ಎಸ್ ಪರೀಕ್ಷೆಗೆ ಓದಿಸುವ ಅಪ್ಪ ಅಮ್ಮಂದಿರಿಗೂ ಇದು ಬೇಕಾಗಬಹುದು.

ಮೂರರಿಂದ ಐದನೇ ಕ್ಲಾಸಿನ ಮಕ್ಕಳಿಗೆ ಇದು ಸರಿಹೋಗುತ್ತದೆ. ಬೇಕಾದ ಸಾಮಾನು ಜಾಸ್ತಿ ಇಲ್ಲ. ಒಂದು ಗ್ಲೋಬ್, ಒಂದಿಷ್ಟು ನೂಲು, ಸ್ಕೇಲು, ಟಾರ್ಚು, ಅಂಗಳದಲ್ಲಿ ನೆಡಲು ಒಂದು ನೇರವಾದ ಕೋಲು. ಅಷ್ಟೇ.

ಶುರು ಮಾಡುವ ಮೊದಲು ಒಂದು ಮಾತು. ದಿಕ್ಕು ಅಂದರೆ ನಾವು ನಿಂತ ಜಾಗದಿಂದ ಹೇಳುವುದು. ನಾನು ಜಾಗ ಬದಲಿಸಿದರೆ ಅದೇ ಊರು ಬೇರೆ ದಿಕ್ಕಿಗೆ ಹೋಗುತ್ತದೆ. ಗೋಳಾರ್ಧ ಹಾಗಲ್ಲ, ಅದು ಭೂಮಿಯ ಮೇಲೆ ಎಳೆದ ಗೆರೆಯಿಂದ ಹೇಳುವುದು. ನಾನು ಎಲ್ಲಿ ನಿಂತರೂ ಬದಲಾಗುವುದಿಲ್ಲ. ಮಕ್ಕಳ ತಪ್ಪುಗಳಲ್ಲಿ ಮುಕ್ಕಾಲು ಪಾಲು ಇವೆರಡನ್ನು ಒಂದೇ ಅಂದುಕೊಂಡದ್ದರಿಂದ ಬಂದವು.

ಪ್ರಶ್ನೆ 1. ಕೂತಲ್ಲಿಂದಲೇ ಉತ್ತರ ದಿಕ್ಕಿಗೆ ಕೈ ತೋರಿಸಿ.

ಅರ್ಧದಷ್ಟು ಕೈಗಳು ಮಾಡಿನ ಕಡೆಗೆ ಹೋಗುತ್ತವೆ. ಗೋಡೆಯಲ್ಲಿ ತೂಗುವ ಭೂಪಟದಲ್ಲಿ ಉತ್ತರ ಮೇಲ್ಗಡೆ ಇದೆಯಲ್ಲ, ಮಕ್ಕಳಿಗೆ "ಮೇಲೆ" ಅಂದರೇ ಉತ್ತರ. ಅವರ ತಪ್ಪಲ್ಲ ಇದು. ನಾವೇ ಭೂಪಟವನ್ನು ನಿಲ್ಲಿಸಿ ಕಲಿಸಿದ್ದೇವೆ.

ಪರಿಹಾರ ಸುಲಭ. ಭೂಪಟವನ್ನು ಗೋಡೆಯಿಂದ ಇಳಿಸಿ ನೆಲದಲ್ಲಿ ಹಾಸಿ, ಅದರ ಮೇಲ್ತುದಿ ಮಂಗಳೂರಿನ ಕಡೆಗೆ ಬರುವ ಹಾಗೆ ತಿರುಗಿಸಿ. ಈಗ ಭೂಪಟದ ಅರಬ್ಬಿ ಸಮುದ್ರ ನಿಜವಾದ ಸಮುದ್ರದ ಕಡೆಗೆ, ಘಟ್ಟ ನಿಜವಾದ ಘಟ್ಟದ ಕಡೆಗೆ ಬರುತ್ತದೆ. ಮಕ್ಕಳನ್ನು ಅದರ ಸುತ್ತ ಕೂರಿಸಿ ಇನ್ನೊಮ್ಮೆ ಕೇಳಿ. ಕೈಗಳು ತಾವಾಗಿಯೇ ಅಡ್ಡಕ್ಕೆ ಬರುತ್ತವೆ.

ಇನ್ನೊಂದು ತೊಡಕು ನಮ್ಮ ಭಾಷೆಯದು. "ಉತ್ತರ" ಅಂದರೆ ದಿಕ್ಕೂ ಹೌದು, ಪ್ರಶ್ನೆಗೆ ಕೊಡುವ ಜವಾಬೂ ಹೌದು. "ಇದರ ಉತ್ತರ ಏನು?" ಎಂದು ಕೇಳಿದಾಗ "ಮಂಗಳೂರು" ಎಂದ ಹುಡುಗನೊಬ್ಬ ನನ್ನ ಕ್ಲಾಸಿನಲ್ಲಿದ್ದ, ಅವನು ಹೇಳಿದ್ದೂ ಸರಿಯೇ. ಅಂದಿನಿಂದ ದಿಕ್ಕಿನ ಪಾಠದಲ್ಲಿ ನಾನು ಮೊದಲು ಬಡಗು, ತೆಂಕು, ಮೂಡು, ಪಡು ಎಂದೇ ಶುರು ಮಾಡುತ್ತೇನೆ. ಮನೆಯಲ್ಲಿ ತುಳು ಮಾತಾಡುವ ಮಕ್ಕಳಿಗೆ ಮೂಡಾಯಿ, ಪಡ್ಡಾಯಿ ಗೊತ್ತು. ಮಲಯಾಳ ಮಾತಾಡುವವರಿಗೆ ವಡಕ್ಕ್, ತೆಕ್ಕ್ ಗೊತ್ತು. ಬಡಗು, ವಡಕ್ಕ್ ಎರಡನ್ನೂ ಜೋರಾಗಿ ಹೇಳಿಸಿ, ಅವು ಅಕ್ಕ ತಂಗಿ ಪದಗಳೆಂದು ಮಕ್ಕಳೇ ಕಂಡುಹಿಡಿಯುತ್ತಾರೆ.

ಪ್ರಶ್ನೆ 2. ಮೂಡುಬಿದಿರೆ, ಪಡುಬಿದ್ರಿ. ಇವೆರಡರಲ್ಲಿ ಕಡಲಿಗೆ ಹತ್ತಿರ ಇರುವ ಊರು ಯಾವುದು? ಭೂಪಟ ನೋಡದೆ ಹೇಳಿ.

ಪಡುಬಿದ್ರಿ. ಸೂರ್ಯ ಮೂಡುವ ಕಡೆ ಮೂಡು, ಸೂರ್ಯ ಪಡುವ ಅಂದರೆ ಮುಳುಗುವ ಕಡೆ ಪಡು. ನಮ್ಮ ಕರಾವಳಿಯಲ್ಲಿ ಕಡಲಿರುವುದು ಪಡುವಣಕ್ಕೆ. ಊರಿನ ಹೆಸರೇ ದಿಕ್ಕು ಹೇಳಿಬಿಟ್ಟಿತು. ಯಕ್ಷಗಾನ ನೋಡಿದ ಮಕ್ಕಳಿದ್ದರೆ ತೆಂಕುತಿಟ್ಟು, ಬಡಗುತಿಟ್ಟು ಯಾಕೆ ಹಾಗೆ ಕರೆಯುತ್ತಾರೆ ಎಂದೂ ಕೇಳಬಹುದು.

ಪ್ರಶ್ನೆ 3. ಸೂರ್ಯ ದಿನಾ ಸರಿಯಾಗಿ ಪೂರ್ವದಲ್ಲೇ ಹುಟ್ಟುತ್ತಾನಾ?

ಇಲ್ಲ. ಸರಿಯಾಗಿ ಪೂರ್ವದಲ್ಲಿ ಹುಟ್ಟುವುದು ವರ್ಷಕ್ಕೆ ಎರಡೇ ಸಲ, ಮಾರ್ಚ್ 21 ಮತ್ತು ಸೆಪ್ಟೆಂಬರ್ 23ರ ಆಸುಪಾಸಿನಲ್ಲಿ. ಡಿಸೆಂಬರ್ ಕೊನೆಯಲ್ಲಿ ಕಾಸರಗೋಡಿನಿಂದ ನೋಡಿದರೆ ಸೂರ್ಯ ಪೂರ್ವದಿಂದ ಸುಮಾರು 24 ಡಿಗ್ರಿ ತೆಂಕಕ್ಕೆ ಸರಿದು ಹುಟ್ಟುತ್ತಾನೆ. ಜೂನ್ ಕೊನೆಯಲ್ಲಿ ಅಷ್ಟೇ ಬಡಗಕ್ಕೆ. ಕೈ ಚಾಚಿ ಮುಷ್ಟಿ ಹಿಡಿದರೆ ಒಂದು ಮುಷ್ಟಿಯ ಅಗಲ ಸುಮಾರು 10 ಡಿಗ್ರಿ. ಅಂದರೆ ಎರಡೂವರೆ ಮುಷ್ಟಿಯಷ್ಟು ಆಚೆಗೆ. ಸಣ್ಣ ಅಂತರವೇನೂ ಅಲ್ಲ.

"ಸೂರ್ಯ ಹುಟ್ಟುವ ಕಡೆಗೆ ಮುಖ ಮಾಡಿ ನಿಂತರೆ ಎಡಗೈ ಉತ್ತರ" ಎಂಬ ಪಾಠ ತಪ್ಪು ಎಂದು ನಾನು ಹೇಳುತ್ತಿಲ್ಲ. ಒಂದನೇ ಕ್ಲಾಸಿಗೆ ಅದು ಸಾಕು. ಆದರೆ ಡಿಸೆಂಬರಿನಲ್ಲಿ ಹಾಗೆ ನಿಂತ ಮಗುವಿನ ಎಡಗೈ ಉತ್ತರಕ್ಕಲ್ಲ, ಹೆಚ್ಚುಕಮ್ಮಿ ಈಶಾನ್ಯಕ್ಕೆ ಹೋಗುವ ದಾರಿಯ ನಡುವಿಗೆ ತೋರಿಸುತ್ತಿರುತ್ತದೆ. ಹಾಗಾದರೆ ಸರಿಯಾದ ಉತ್ತರ ದಿಕ್ಕು ಹುಡುಕುವುದು ಹೇಗೆ? ಮುಂದಿನ ಪ್ರಶ್ನೆ ಅದೇ. ಇದಕ್ಕೆ ಒಂದಿಡೀ ದಿನ ಕೊಡಿ.

ಪ್ರಶ್ನೆ 4. ಒಂದು ಕೋಲು ಮತ್ತು ಬಿಸಿಲು ಮಾತ್ರ ಇದೆ. ದಿಕ್ಸೂಚಿ ಇಲ್ಲ, ಮೊಬೈಲ್ ಇಲ್ಲ. ಅಂಗಳದಲ್ಲಿ ಉತ್ತರ ದಕ್ಷಿಣ ಗೆರೆ ಎಳೆಯುವುದು ಹೇಗೆ?

ಇದು ಹಳೆಯ ಶಂಕು ವಿಧಾನ. ನಮ್ಮ ಹಿಂದಿನವರು ಕಟ್ಟಡದ ದಿಕ್ಕು ನೋಡಲು ಇದನ್ನೇ ಮಾಡುತ್ತಿದ್ದರು. ಜನವರಿ ಕೊನೆಯ ವಾರದ ಲೆಕ್ಕವನ್ನೇ ಇಲ್ಲಿ ಕೊಡುತ್ತೇನೆ, ಆಗ ಆಕಾಶವೂ ಶುಭ್ರವಾಗಿರುತ್ತದೆ.

ಸಮತಟ್ಟಾದ ಜಾಗದಲ್ಲಿ 50 ಸೆಂ.ಮೀ. ಎತ್ತರಕ್ಕೆ ಕೋಲು ನೆಡಿ. ನೂಲಿಗೆ ಕಲ್ಲು ಕಟ್ಟಿ ಪಕ್ಕದಲ್ಲಿ ಇಳಿಬಿಟ್ಟು ಕೋಲು ನೆಟ್ಟಗಿದೆಯೇ ನೋಡಿ. ಕೋಲಿನ ಬುಡವನ್ನೇ ನಡುವಾಗಿ ಇಟ್ಟುಕೊಂಡು 47 ಸೆಂ.ಮೀ. ಉದ್ದದ ಹಗ್ಗದಿಂದ ಸುತ್ತಲೂ ಒಂದು ವೃತ್ತ ಎಳೆಯಿರಿ. ಬೆಳಗ್ಗೆ ನೆರಳು ಉದ್ದವಾಗಿರುತ್ತದೆ, ವೃತ್ತದ ಹೊರಗೆ ಚಾಚಿಕೊಂಡಿರುತ್ತದೆ. ಹೊತ್ತು ಏರಿದ ಹಾಗೆ ಗಿಡ್ಡವಾಗುತ್ತಾ ಬರುತ್ತದೆ. ಸುಮಾರು 10:40ಕ್ಕೆ ನೆರಳಿನ ತುದಿ ವೃತ್ತದ ಗೆರೆಯನ್ನು ಮುಟ್ಟಿ ಒಳಗೆ ಬರುತ್ತದೆ. ಮುಟ್ಟಿದ ಆ ಕ್ಷಣಕ್ಕೆ ಅಲ್ಲಿ ಒಂದು ಕಲ್ಲು ಇಡಿ.

ಆಮೇಲೆ ಪಾಠ ಮಾಡಿ, ಊಟ ಮಾಡಿ. ಮಧ್ಯಾಹ್ನ ದಾಟಿದ ಮೇಲೆ ನೆರಳು ಇನ್ನೊಂದು ಬದಿಗೆ ಉದ್ದವಾಗತೊಡಗುತ್ತದೆ. ಸುಮಾರು 2:45ಕ್ಕೆ ತುದಿ ಮತ್ತೆ ವೃತ್ತವನ್ನು ಮುಟ್ಟಿ ಹೊರಗೆ ಹೋಗುತ್ತದೆ. ಅಲ್ಲಿ ಎರಡನೇ ಕಲ್ಲು. ಎರಡು ಕಲ್ಲುಗಳ ನಡುವೆ ಸುಮಾರು 65 ಸೆಂ.ಮೀ. ಅಂತರ ಇರುತ್ತದೆ. ಅವನ್ನು ಸೇರಿಸುವ ಗೆರೆಯೇ ಪಡು ಮೂಡು ಗೆರೆ. ಆ ಗೆರೆಯ ಸರಿ ಮಧ್ಯದಿಂದ ಕೋಲಿನ ಬುಡಕ್ಕೆ ಇನ್ನೊಂದು ಗೆರೆ ಎಳೆದರೆ ಅದು ಬಡಗು ತೆಂಕು. ಆಯಿತು.

ಇಲ್ಲಿ ಮಕ್ಕಳನ್ನು ಕೇಳಿ, ಬೆಳಗ್ಗಿನ ಕಲ್ಲು ಯಾವ ಕಡೆಯದು? "ಪೂರ್ವ" ಎನ್ನುತ್ತಾರೆ, ಯಾಕೆಂದರೆ ಬೆಳಗ್ಗೆ ಸೂರ್ಯ ಪೂರ್ವದಲ್ಲಿರುತ್ತಾನೆ. ಆದರೆ ಸೂರ್ಯ ಯಾವ ಕಡೆ ಇರುತ್ತಾನೋ ಅದರ ಎದುರು ಕಡೆಗೆ ನೆರಳು ಬೀಳುತ್ತದೆ ಅಲ್ವಾ? ಹಾಗಾಗಿ ಬೆಳಗ್ಗಿನ ಕಲ್ಲು ಪಡುವಣದ್ದು, ಮಧ್ಯಾಹ್ನದ ಕಲ್ಲು ಮೂಡಣದ್ದು. ಬಾಯಲ್ಲಿ ಹೇಳಿದರೆ ಮರೆಯುತ್ತಾರೆ. ಒಂದು ಮಗುವನ್ನು ಕೋಲಿನ ಹತ್ತಿರ ನಿಲ್ಲಿಸಿ ಅದರ ನೆರಳನ್ನೇ ತೋರಿಸಿ.

ಎಲ್ಲಿ ಕೆಡುತ್ತದೆ? ಕೋಲು ವಾಲಿದರೆ ಕೆಡುತ್ತದೆ. ನೆಲ ಒಂದು ಕಡೆಗೆ ಇಳಿಜಾರಾಗಿದ್ದರೆ ಕೆಡುತ್ತದೆ. ಆಟದ ಹೊತ್ತಿಗೆ ಯಾರಾದರೂ ಕೋಲಿಗೆ ಚೆಂಡು ಹೊಡೆದರಂತೂ ಬೆಳಗ್ಗಿನ ಕಲ್ಲು ದಂಡ, ಮರುದಿನ ಹೊಸದಾಗಿ ಮಾಡಬೇಕು. ಸರಿಯಾಗಿದೆಯೇ ಎಂದು ತಿಳಿಯಲು ಒಂದು ದಾರಿ ಇದೆ. ಜನವರಿ ಕೊನೆಯಲ್ಲಿ ನೆರಳು ಎಲ್ಲಕ್ಕಿಂತ ಗಿಡ್ಡವಾಗುವುದು ಸುಮಾರು 12:40ಕ್ಕೆ. ಆಗ ಅದರ ಉದ್ದ 31 ಸೆಂ.ಮೀ. ಹತ್ತಿರ ಇರಬೇಕು, ಮತ್ತು ಅದು ನೀವು ಎಳೆದ ಬಡಗು ತೆಂಕು ಗೆರೆಯ ಮೇಲೇ ಬೀಳಬೇಕು. ಗೆರೆ ಎಳೆಯುವುದು ಸಂಜೆಗೆ, ಹಾಗಾಗಿ ಈ ಪರೀಕ್ಷೆ ಮರುದಿನ ಮಾಡಿ.

12 ಗಂಟೆಗೆ ಯಾಕಲ್ಲ ಎಂದು ಚುರುಕು ಮಗು ಒಂದು ಕೇಳಿಯೇ ಕೇಳುತ್ತದೆ. ನಮ್ಮ ಗಡಿಯಾರ ಪ್ರಯಾಗ್‌ರಾಜ್ ಹತ್ತಿರ ಹಾದುಹೋಗುವ 82½ ಡಿಗ್ರಿ ಪೂರ್ವ ರೇಖಾಂಶದ ಹೊತ್ತನ್ನು ತೋರಿಸುತ್ತದೆ. ಕಾಸರಗೋಡು ಇರುವುದು 75 ಡಿಗ್ರಿಯಲ್ಲಿ. ಸೂರ್ಯ ಅಲ್ಲಿಂದ ಇಲ್ಲಿಗೆ ಬರಲು ಅರ್ಧ ಗಂಟೆ ಬೇಕು, ಡಿಗ್ರಿಗೆ 4 ನಿಮಿಷದಂತೆ. ಉಳಿದ ಹತ್ತು ಹನ್ನೆರಡು ನಿಮಿಷ ಭೂಮಿ ವಾಲಿಕೊಂಡು, ಪೂರ್ತಿ ದುಂಡಗಿಲ್ಲದ ದಾರಿಯಲ್ಲಿ ಸೂರ್ಯನನ್ನು ಸುತ್ತುವುದರಿಂದ ಬಂದದ್ದು. ಪ್ರಾಥಮಿಕ ಮಕ್ಕಳಿಗೆ ಅಷ್ಟು ಆಳ ಬೇಡ.

ಪ್ರಶ್ನೆ 5. ಮಧ್ಯಾಹ್ನದ ನೆರಳು ಯಾವಾಗಲೂ ಉತ್ತರಕ್ಕೇ ಬೀಳುತ್ತದೆ. ಸರಿಯೋ ತಪ್ಪೋ?

ಕಾಸರಗೋಡಿಗೆ ಇದು ತಪ್ಪು. ಗೈಡ್ ಪುಸ್ತಕವೊಂದರಲ್ಲಿ "ಸರಿ" ಎಂದು ಅಚ್ಚಾದದ್ದನ್ನು ಕಂಡು ನನಗೆ ನಿಜಕ್ಕೂ ಬೇಜಾರಾಯಿತು. ಅದು ದೆಹಲಿಗೆ ಸರಿ, ಯಾಕೆಂದರೆ ದೆಹಲಿ ಕರ್ಕಾಟಕ ವೃತ್ತಕ್ಕಿಂತ ಬಡಗಕ್ಕಿದೆ, ಅಲ್ಲಿ ಸೂರ್ಯ ಎಂದೂ ನೆತ್ತಿಗೆ ಬರುವುದಿಲ್ಲ. ನಮ್ಮಲ್ಲಿ ಬರುತ್ತಾನೆ. ಎಪ್ರಿಲ್ 23, 24ರ ಹೊತ್ತಿಗೆ ಒಮ್ಮೆ, ಆಗಸ್ಟ್ 19, 20ರ ಹೊತ್ತಿಗೆ ಇನ್ನೊಮ್ಮೆ. ಆ ದಿನ ಸುಮಾರು 12:30ಕ್ಕೆ ನೆಟ್ಟಗಿನ ಕೋಲಿಗೆ ನೆರಳೇ ಇರುವುದಿಲ್ಲ.

ಈ ಎರಡು ದಿನಗಳ ನಡುವೆ ಸೂರ್ಯ ನಮ್ಮ ನೆತ್ತಿಗಿಂತ ಬಡಗಕ್ಕಿರುತ್ತಾನೆ. ಹಾಗಾಗಿ ನೆರಳು ತೆಂಕಕ್ಕೆ ಬೀಳುತ್ತದೆ. ಜೂನ್ 21ಕ್ಕೆ ನಮ್ಮ 50 ಸೆಂ.ಮೀ. ಕೋಲಿನ ಮಧ್ಯಾಹ್ನದ ನೆರಳು ತೆಂಕು ಬದಿಗೆ ಸುಮಾರು 10 ಸೆಂ.ಮೀ. ಮಳೆಗಾಲ ಆದ್ದರಿಂದ ಯಾರೂ ಗಮನಿಸುವುದಿಲ್ಲ, ಮೋಡ ಸರಿದ ಅರ್ಧ ಗಂಟೆ ಸಿಕ್ಕರೂ ನೋಡಿ. ಎಪ್ರಿಲ್‌ನಲ್ಲಿ ಶಾಲೆಗೆ ರಜೆ. ಆದರೆ ಆಗಸ್ಟ್‌ನ ದಿನ ಸೋಣ ತಿಂಗಳ ಶುರುವಿಗೆ ಬರುತ್ತದೆ, ಮಳೆ ಸ್ವಲ್ಪ ಬಿಟ್ಟು ಬಿಟ್ಟು ಬರುವ ಕಾಲ ಅದು, ಅದೃಷ್ಟವಿದ್ದರೆ ಬಿಸಿಲು ಸಿಗುತ್ತದೆ.

ಪ್ರಶ್ನೆ 6. ಕಾಸರಗೋಡಿನಿಂದ ಬೆಂಗಳೂರು ಯಾವ ದಿಕ್ಕಿಗಿದೆ?

ಎಲ್ಲರೂ ಒಟ್ಟಿಗೆ "ಉತ್ತರ" ಎನ್ನುತ್ತಾರೆ. ದೊಡ್ಡವರೂ ಎನ್ನುತ್ತಾರೆ. ಗಡಿ ದಾಟಿ ಕರ್ನಾಟಕಕ್ಕೆ ಹೋಗುವುದೆಂದರೆ ನಮಗೆ ತಲಪಾಡಿ ದಾಟಿ ಮಂಗಳೂರಿಗೆ ಹೋಗುವುದು. ಬಸ್ಸು ಹೋದ ದಿಕ್ಕೇ ಊರಿನ ದಿಕ್ಕು ಎಂದು ಮನಸ್ಸು ಒಪ್ಪಿಕೊಂಡಿದೆ.

ಗ್ಲೋಬಿನಲ್ಲಿ ಇಷ್ಟು ಸಣ್ಣ ಅಂತರ ಕಾಣುವುದಿಲ್ಲ, ಅಟ್ಲಾಸ್ ತೆಗೆಯಿರಿ. ಕಾಸರಗೋಡು ಇರುವುದು 12½ ಡಿಗ್ರಿ ಉತ್ತರ ಅಕ್ಷಾಂಶದಲ್ಲಿ. ಬೆಂಗಳೂರು 13ರ ಹತ್ತಿರ. ಚೆನ್ನೈ 13ಕ್ಕಿಂತ ಚೂರು ಮೇಲೆ. ಮೂರೂ ಒಂದೇ ಸಾಲಿನಲ್ಲಿ ಕೂತ ಹಾಗಿದೆ! ಹಾಗಾಗಿ ಬೆಂಗಳೂರು ನಮಗೆ ಹೆಚ್ಚುಕಮ್ಮಿ ನೇರ ಪೂರ್ವಕ್ಕಿದೆ, ಮಡಿಕೇರಿಯಂತೂ ಸರಿಯಾಗಿ ಪೂರ್ವಕ್ಕೆ. ಅದೇ ಬೆಂಗಳೂರು ಮೈಸೂರಿನವರಿಗೆ ಈಶಾನ್ಯ, ಚೆನ್ನೈಯವರಿಗೆ ಪಶ್ಚಿಮ. ಒಂದೇ ಊರು, ಮೂರು ದಿಕ್ಕು. ನಿಂತ ಜಾಗದಿಂದ ಲೆಕ್ಕ ಎಂದದ್ದು ಇದಕ್ಕೇ.

ಪ್ರಶ್ನೆ 7. ನೈರುತ್ಯ ಮಾರುತ ಯಾವ ಕಡೆಗೆ ಬೀಸುತ್ತದೆ?

ಈಶಾನ್ಯದ ಕಡೆಗೆ. ಗಾಳಿಗೆ ಅದು ಬರುವ ದಿಕ್ಕಿನ ಹೆಸರು ಇಡುತ್ತಾರೆ, ಹೋಗುವ ದಿಕ್ಕಿನದ್ದಲ್ಲ. ಜೂನ್‌ನಲ್ಲಿ ಕಡಲ ಬದಿಯ ಕಿಟಕಿಯಿಂದ ಯಾಕೆ ಎರಚಲು ಹೊಡೆಯುತ್ತದೆ ಎಂದು ಕೇಳಿ, ಮಕ್ಕಳೇ ಹೇಳುತ್ತಾರೆ.

ಪ್ರಶ್ನೆ 8. ಕಾಸರಗೋಡು ಯಾವ ಗೋಳಾರ್ಧದಲ್ಲಿದೆ?

ಕೇರಳದ ಪಾಠದಲ್ಲಿ ಅರ್ಧಗೋಳ ಎಂದೂ ಬರುತ್ತದೆ, ಎರಡೂ ಒಂದೇ. "ದಕ್ಷಿಣ ಭಾರತ, ಆದ್ದರಿಂದ ದಕ್ಷಿಣ ಗೋಳಾರ್ಧ" ಎಂದು ಹತ್ತರಲ್ಲಿ ಆರು ಮಕ್ಕಳಾದರೂ ಬರೆಯುತ್ತಾರೆ. ಕೆಲವರು "ಕೇರಳದ ಉತ್ತರ ತುದಿಯ ಜಿಲ್ಲೆ, ಹಾಗಾಗಿ ಉತ್ತರ ಗೋಳಾರ್ಧ" ಎಂದು ಬರೆಯುತ್ತಾರೆ. ಎರಡನೆಯವರಿಗೆ ಅಂಕ ಸಿಗುತ್ತದೆ, ಆದರೆ ಅವರ ಕಾರಣವೂ ಅಷ್ಟೇ ತಪ್ಪು. ಬರೀ ಉತ್ತರ ನೋಡಿ ಸರಿ ಹಾಕಬೇಡಿ, ಯಾಕೆ ಎಂದು ಕೇಳಿ.

ದಕ್ಷಿಣ ಭಾರತ ಎಂದರೆ ಭಾರತದ ಒಳಗೆ ತೆಂಕು ಭಾಗ. ಕೇರಳದ ಉತ್ತರ ಎಂದರೆ ಕೇರಳದ ಒಳಗೆ ಬಡಗು ಭಾಗ. ಗೋಳಾರ್ಧ ಕೇಳಿದಾಗ ನೋಡಬೇಕಾದದ್ದು ಒಂದೇ ಗೆರೆ, ಭೂಮಧ್ಯ ರೇಖೆ. ಅದರ ಬಡಗಕ್ಕಿದ್ದರೆ ಉತ್ತರ ಗೋಳಾರ್ಧ, ತೆಂಕಕ್ಕಿದ್ದರೆ ದಕ್ಷಿಣ ಗೋಳಾರ್ಧ.

ಇದನ್ನು ಅಳೆದು ತೋರಿಸಬಹುದು. ಒಂದು ಡಿಗ್ರಿ ಅಕ್ಷಾಂಶ ಎಂದರೆ ನೆಲದ ಮೇಲೆ ಸುಮಾರು 111 ಕಿ.ಮೀ. ನಾವು 12½ ಡಿಗ್ರಿಯಲ್ಲಿದ್ದೇವೆ. ಗುಣಿಸಿದರೆ ಸುಮಾರು 1,390 ಕಿ.ಮೀ. ಭೂಮಧ್ಯ ರೇಖೆ ಅಷ್ಟು ದೂರ ತೆಂಕಕ್ಕೆ, ಕಡಲಿನಲ್ಲಿದೆ. ಅಡ್ಡಳತೆ 30 ಸೆಂ.ಮೀ. ಇರುವ ಗ್ಲೋಬಿನಲ್ಲಿ ಇದು 3 ಸೆಂ.ಮೀ.ಗಿಂತ ಚೂರು ಜಾಸ್ತಿ. ನೂಲಿಟ್ಟು ಅಳೆಯಲು ಬಿಡಿ. ಭಾರತದ ತೆಂಕು ತುದಿ ಕನ್ಯಾಕುಮಾರಿಯಲ್ಲ, ಗ್ರೇಟ್ ನಿಕೋಬಾರ್ ದ್ವೀಪದ ಇಂದಿರಾ ಪಾಯಿಂಟ್. ಅದೂ ರೇಖೆಯಿಂದ ಸುಮಾರು 750 ಕಿ.ಮೀ. ಬಡಗಕ್ಕೇ ಇದೆ. ಅಂದರೆ ಭಾರತದ ಒಂದು ಹಿಡಿ ಮಣ್ಣೂ ದಕ್ಷಿಣ ಗೋಳಾರ್ಧದಲ್ಲಿಲ್ಲ.

ಪ್ರಶ್ನೆ 9. ನಿಮ್ಮ ಮಾವ ದುಬೈಯಲ್ಲಿದ್ದಾರೆ. ದುಬೈ ನಮಗೆ ಯಾವ ದಿಕ್ಕು? ಯಾವ ಗೋಳಾರ್ಧ? ಇಲ್ಲಿ ಬೆಳಗ್ಗೆ 7 ಗಂಟೆಯಾದರೆ ಅಲ್ಲಿ ಎಷ್ಟು?

ನಮ್ಮ ಮಕ್ಕಳಿಗೆ ಇದಕ್ಕಿಂತ ಹತ್ತಿರದ ಪ್ರಶ್ನೆ ಬೇರೆ ಇಲ್ಲ. ಗಲ್ಫಿನಲ್ಲಿ ಮಾವನೋ ಚಿಕ್ಕಪ್ಪನೋ ಅಪ್ಪನೋ ಇಲ್ಲದ ಮನೆಗಳು ಇಲ್ಲಿ ಕಡಿಮೆ. ಅಲ್ಲಿ ಹೊತ್ತು ಹಿಂದೆ ಎಂದು ಪ್ರತಿ ರಾತ್ರಿ ಫೋನಿನಲ್ಲಿ ಕೇಳಿಸಿಕೊಂಡವರು ಇವರು.

ಮೊದಲು ದಿಕ್ಕು. ದುಬೈ 25 ಡಿಗ್ರಿ ಉತ್ತರ, 55 ಡಿಗ್ರಿ ಪೂರ್ವ. ನಾವು 12½ ಡಿಗ್ರಿ ಉತ್ತರ, 75 ಡಿಗ್ರಿ ಪೂರ್ವ. ಅಂದರೆ ದುಬೈ ನಮಗಿಂತ ಬಡಗಕ್ಕೂ ಇದೆ, ಪಡುವಣಕ್ಕೂ ಇದೆ. ಎರಡು ಸೇರಿದರೆ ವಾಯವ್ಯ. "ಕಡಲಿನಾಚೆ, ಹಾಗಾಗಿ ಪಶ್ಚಿಮ" ಎಂದ ಮಕ್ಕಳಿಗೆ ಅರ್ಧ ಅಂಕ ಕೊಡಿ.

ಈಗ ಗೋಳಾರ್ಧ. ದುಬೈ ನಮಗೆ ಪಶ್ಚಿಮಕ್ಕಿದೆ ಎಂದ ಮಾತ್ರಕ್ಕೆ ಪಶ್ಚಿಮ ಗೋಳಾರ್ಧ ಆಗುವುದಿಲ್ಲ. ಪೂರ್ವ, ಪಶ್ಚಿಮ ಗೋಳಾರ್ಧಗಳ ಗೆರೆ ಇಂಗ್ಲೆಂಡಿನ ಗ್ರೀನ್‌ವಿಚ್ ಮೂಲಕ ಹಾದುಹೋಗುವ 0 ಡಿಗ್ರಿ ರೇಖಾಂಶ. ಅದಕ್ಕೆ ದುಬೈ ಪೂರ್ವಕ್ಕಿದೆ. ಹಾಗಾಗಿ ಮಾವನೂ ನೀವೂ ಇಬ್ಬರೂ ಪೂರ್ವ ಗೋಳಾರ್ಧದವರು, ಇಬ್ಬರೂ ಉತ್ತರ ಗೋಳಾರ್ಧದವರು.

ಹೊತ್ತಿಗೆ ಟಾರ್ಚು ಬೇಕು. ಕೋಣೆ ಕತ್ತಲು ಮಾಡಿ, ಟಾರ್ಚನ್ನು ಮೇಜಿನ ಮೇಲೆ ಇಟ್ಟು ಬೆಳಕು ಗ್ಲೋಬಿಗೆ ಬೀಳಲಿ. ಕಾಸರಗೋಡಿಗೂ ದುಬೈಗೂ ಒಂದೊಂದು ಪೊಟ್ಟು ಅಂಟಿಸಿ. ಈಗ ಗ್ಲೋಬನ್ನು ಪಶ್ಚಿಮದಿಂದ ಪೂರ್ವಕ್ಕೆ, ಅಂದರೆ ನಿಮ್ಮ ಎಡಗೈಯಿಂದ ಬಲಗೈ ಕಡೆಗೆ ನಿಧಾನ ತಿರುಗಿಸಿ. ಕತ್ತಲಿನಿಂದ ಮೊದಲು ಬೆಳಕಿಗೆ ಬರುವ ಪೊಟ್ಟು ಕಾಸರಗೋಡಿನದು. ದುಬೈಯದು ಹಿಂದಿನಿಂದ ಬರುತ್ತದೆ. ಉಲ್ಟಾ ತಿರುಗಿಸಿದರೆ ದುಬೈಗೆ ಮೊದಲು ಬೆಳಗಾಗುತ್ತದೆ, ಆಗ ಮಕ್ಕಳೇ "ಟೀಚರ್, ತಪ್ಪು ತಪ್ಪು" ಎಂದು ಕೂಗುತ್ತಾರೆ. ಗ್ಲೋಬ್ ತಿರುಗಿಸುವ ದಿಕ್ಕನ್ನು ಬಾಯಿಪಾಠ ಮಾಡಿಸುವ ಬದಲು ಹೀಗೆ ಮಾವನ ಹೊತ್ತಿನಿಂದ ನೆನಪಿಡಿಸುವುದು ನನಗೆ ಹಿಡಿಸಿದ ದಾರಿ.

ಲೆಕ್ಕ ನೋಡೋಣ. ರೇಖಾಂಶದ ವ್ಯತ್ಯಾಸ 75ರಿಂದ 55 ಕಳೆದರೆ 20 ಡಿಗ್ರಿ. ಡಿಗ್ರಿಗೆ 4 ನಿಮಿಷ, ಒಟ್ಟು 80 ನಿಮಿಷ. ಆದರೆ ಮಾವನ ಗಡಿಯಾರ 90 ನಿಮಿಷ ಹಿಂದಿರುತ್ತದೆ. ಇಲ್ಲಿ 7 ಗಂಟೆ, ಅಲ್ಲಿ 5:30. ಆ 10 ನಿಮಿಷ ಎಲ್ಲಿಂದ ಬಂತು? ಗಡಿಯಾರಗಳು ಊರಿನ ಸೂರ್ಯನನ್ನು ನೋಡುವುದಿಲ್ಲ, ದೇಶ ಒಪ್ಪಿಕೊಂಡ ರೇಖಾಂಶವನ್ನು ನೋಡುತ್ತವೆ. ನಮ್ಮದು 82½, ಅವರದು 60. ವ್ಯತ್ಯಾಸ 22½ ಡಿಗ್ರಿ, ನಾಲ್ಕರಿಂದ ಗುಣಿಸಿದರೆ ಸರಿಯಾಗಿ 90. ಐದನೇ ಕ್ಲಾಸಿನ ಮಕ್ಕಳು ಈ ಗುಣಾಕಾರವನ್ನು ತಾವೇ ಮಾಡಬಲ್ಲರು.

ಪ್ರಶ್ನೆ 10. ಜರ್ಮನಿ "ಪಾಶ್ಚಾತ್ಯ ದೇಶ" ಎನ್ನುತ್ತಾರೆ. ಅದು ಯಾವ ಗೋಳಾರ್ಧ?

ಪೂರ್ವ ಗೋಳಾರ್ಧ, ಇಡಿಯಾಗಿ. ಪಾಶ್ಚಾತ್ಯ ಎಂಬುದು ಮಾತಿನ ರೂಢಿ, ಗೆರೆಯ ಲೆಕ್ಕ ಅಲ್ಲ.

ಇಲ್ಲಿ ಮಕ್ಕಳಿಗೆ ಒಂದು ಸಂಗತಿ ಹೇಳಬೇಕು. ಭೂಮಧ್ಯ ರೇಖೆಯನ್ನು ಯಾರೂ ಆರಿಸಲಿಲ್ಲ. ಭೂಮಿ ತಿರುಗುತ್ತದೆ, ತಿರುಗುವುದಕ್ಕೆ ಎರಡು ಧ್ರುವಗಳಿವೆ, ಅವೆರಡರ ಸರಿ ನಡುವೆ ಬರುವ ಗೆರೆ ಅದು. 0 ಡಿಗ್ರಿ ರೇಖಾಂಶವನ್ನು ಮಾತ್ರ ಮನುಷ್ಯರೇ ಕೂತು ಆರಿಸಿದ್ದು, 1884ರಲ್ಲಿ ವಾಷಿಂಗ್ಟನ್ನಿನಲ್ಲಿ ನಡೆದ ಸಭೆಯಲ್ಲಿ. ಅದಕ್ಕೂ ಎಷ್ಟೋ ಮೊದಲು ನಮ್ಮ ಜ್ಯೋತಿಷ್ಯ ಗಣಿತದವರು ಉಜ್ಜಯಿನಿಯ ಮೂಲಕ ಹೋಗುವ ಗೆರೆಯನ್ನು ಮೊದಲ ಗೆರೆಯಾಗಿ ಇಟ್ಟುಕೊಂಡಿದ್ದರು. ಇಂದೂ ಆ ಗೆರೆಯಿಂದಲೇ ಎಣಿಸುತ್ತಿದ್ದರೆ? ಉಜ್ಜಯಿನಿ 75¾ ಡಿಗ್ರಿಯ ಹತ್ತಿರ ಇದೆ, ಕಾಸರಗೋಡು ಅದಕ್ಕಿಂತ ಚೂರೇ ಚೂರು ಪಶ್ಚಿಮಕ್ಕೆ. ಆಗ ನಾವೆಲ್ಲ ಪಶ್ಚಿಮ ಗೋಳಾರ್ಧದವರಾಗುತ್ತಿದ್ದೆವು! ಆದರೆ ಉತ್ತರ ಗೋಳಾರ್ಧ ಮಾತ್ರ ಬದಲಾಗುತ್ತಿರಲಿಲ್ಲ.

ಪ್ರಶ್ನೆ 11. ಕಾಸರಗೋಡಿನ ಕಡಲ ಬದಿಯಿಂದ ದೋಣಿಯಲ್ಲಿ ನೇರ ಪಶ್ಚಿಮಕ್ಕೇ ಹೋದರೆ ಮೊದಲು ಯಾವ ನೆಲ ಸಿಗುತ್ತದೆ?

"ದುಬೈ" ಎನ್ನುತ್ತಾರೆ, "ಸೌದಿ" ಎನ್ನುತ್ತಾರೆ, "ಲಕ್ಷದ್ವೀಪ" ಎನ್ನುವವರೂ ಇದ್ದಾರೆ. ಗ್ಲೋಬಿನಲ್ಲಿ 12½ ಡಿಗ್ರಿ ಉತ್ತರ ಅಕ್ಷಾಂಶವನ್ನು ಬೆರಳಿನಿಂದ ಹಿಡಿದುಕೊಂಡು ಹೋಗಿ. ಲಕ್ಷದ್ವೀಪದ ಜನ ಇರುವ ದ್ವೀಪಗಳೆಲ್ಲ ಆ ಗೆರೆಗಿಂತ ತೆಂಕಕ್ಕೆ ಉಳಿಯುತ್ತವೆ. 2,000 ಕಿ.ಮೀ.ಗಿಂತಲೂ ಜಾಸ್ತಿ ಬರೀ ನೀರು. ಆಮೇಲೆ ಸಿಗುವುದು ಯೆಮೆನ್ ದೇಶದ ಸೊಕೊಟ್ರಾ ದ್ವೀಪ. ಇದನ್ನು ಹುಡುಕಿ ಬೆರಳಿಟ್ಟ ಮಗುವಿನ ಮುಖ ನೋಡಬೇಕು ನೀವು.

ಅದೇ ಗೆರೆ ಹಿಡಿದು ಪೂರ್ವಕ್ಕೆ ಹೋದರೆ ಘಟ್ಟ ಹತ್ತಿ ಇಳಿದು, ಬಂಗಾಳ ಕೊಲ್ಲಿ ದಾಟಿ ಅಂಡಮಾನ್ ಸಿಗುತ್ತದೆ. ನಿಲ್ಲಿಸದೆ ಹೋಗುತ್ತಲೇ ಇದ್ದರೆ ಒಂದು ದಿನ ಸೊಕೊಟ್ರಾ ದಾಟಿ ಪಶ್ಚಿಮ ಬದಿಯಿಂದ ಮತ್ತೆ ಕಾಸರಗೋಡಿಗೇ ಬರುತ್ತೇವೆ. ಪೂರ್ವಕ್ಕೆ ಕೊನೆ ಎಂಬುದಿಲ್ಲ.

ಪ್ರಶ್ನೆ 12. ಉತ್ತರಕ್ಕೂ ಕೊನೆ ಇಲ್ಲವಾ?

ಉತ್ತರಕ್ಕೆ ಕೊನೆ ಇದೆ. ಉತ್ತರ ಧ್ರುವ ಮುಟ್ಟಿದ ಮೇಲೆ ಮುಂದೆ ಇಡುವ ಹೆಜ್ಜೆ ಯಾವ ಕಡೆಗಾದರೂ ಅದು ದಕ್ಷಿಣಕ್ಕೇ. ಧ್ರುವದಲ್ಲಿ ಒಂದು ಮನೆ ಕಟ್ಟಿದರೆ ನಾಲ್ಕು ಗೋಡೆಗಳೂ ದಕ್ಷಿಣಕ್ಕೆ ಮುಖ ಮಾಡಿರುತ್ತವೆ.

ಪ್ರಶ್ನೆ 13. ಭೂಮಧ್ಯ ರೇಖೆ, 0 ಡಿಗ್ರಿ ರೇಖಾಂಶ ಎರಡೂ ಹಾದುಹೋಗುವ ಖಂಡ ಯಾವುದು? ಎರಡೂ ಸೇರುವ ಜಾಗ ಎಲ್ಲಿದೆ?

ಖಂಡ ಆಫ್ರಿಕಾ. ಆದರೆ ಸೇರುವ ಜಾಗ ಆಫ್ರಿಕಾದ ನೆಲದಲ್ಲಿಲ್ಲ, ಅದರ ಪಶ್ಚಿಮಕ್ಕಿರುವ ಗಿನಿ ಕೊಲ್ಲಿಯ ನೀರಿನಲ್ಲಿದೆ. ಎರಡನೇ ಭಾಗವನ್ನು ಗ್ಲೋಬ್ ನೋಡಿಯೇ ಹೇಳಲಿ.

ಪ್ರಶ್ನೆ 14. ಕಾಸರಗೋಡಿನಲ್ಲಿ ಭೂಮಿಯ ನಡುವಿಗಾಗಿ ನೇರ ಬಾವಿ ತೋಡಿದರೆ ಆಚೆ ಎಲ್ಲಿ ಹೊರಗೆ ಬರುತ್ತೇವೆ?

ಎಲ್ಲರೂ "ಅಮೆರಿಕ" ಎನ್ನುತ್ತಾರೆ. ಗ್ಲೋಬಿನಲ್ಲಿ ನೋಡಿ ಹೇಳಲು ಕಷ್ಟ, ಲೆಕ್ಕ ಮಾಡಿ ಹೇಳಲು ಸುಲಭ. ಅಕ್ಷಾಂಶದ ಅಂಕಿ ಹಾಗೇ ಇರಲಿ, ಉತ್ತರವನ್ನು ದಕ್ಷಿಣ ಮಾಡಿ. 12½ ಡಿಗ್ರಿ ದಕ್ಷಿಣ ಆಯಿತು. ರೇಖಾಂಶವನ್ನು 180ರಿಂದ ಕಳೆಯಿರಿ, ಪೂರ್ವವನ್ನು ಪಶ್ಚಿಮ ಮಾಡಿ. 180ರಲ್ಲಿ 75 ಹೋದರೆ 105 ಡಿಗ್ರಿ ಪಶ್ಚಿಮ. ಈಗ ಆ ಜಾಗ ಹುಡುಕಿ. ಅದು ಪೆರು ದೇಶದಿಂದ ಸುಮಾರು 3,000 ಕಿ.ಮೀ. ಪಶ್ಚಿಮಕ್ಕೆ, ಶಾಂತ ಸಾಗರದ ನಡುನೀರಿನಲ್ಲಿದೆ.

ಉತ್ತರ, ಪೂರ್ವ ಎರಡೂ ಬದಲಾದವು, ಅಂದರೆ ನಮ್ಮ ಎರಡೂ ಗೋಳಾರ್ಧಗಳಿಗೆ ಪೂರ್ತಿ ಎದುರು. ನಮಗೆ ಮಧ್ಯಾಹ್ನವಾದರೆ ಅಲ್ಲಿ ನಡುರಾತ್ರಿ. ನಮ್ಮ ಕೋಲಿನ ನೆರಳು ಜೂನ್‌ನಲ್ಲಿ ತೆಂಕಕ್ಕೆ 10 ಸೆಂ.ಮೀ. ಬಿದ್ದ ಹಾಗೆ, ಅಲ್ಲಿ ದೋಣಿಯಲ್ಲಿ ನಿಲ್ಲಿಸಿದ ಕೋಲಿಗೆ ಡಿಸೆಂಬರಿನಲ್ಲಿ ಬಡಗಕ್ಕೆ ಅಷ್ಟೇ ಬೀಳುತ್ತದೆ. ಮನೆಗೆ ಹೋಗಿ ದುಬೈ ಮಾವನ ಎದುರು ಜಾಗವನ್ನೂ ಹೀಗೇ ಹುಡುಕಲಿ. 25 ಡಿಗ್ರಿ ದಕ್ಷಿಣ, 125 ಡಿಗ್ರಿ ಪಶ್ಚಿಮ ಬರಬೇಕು. ಅದೂ ಶಾಂತ ಸಾಗರವೇ. ಕಣ್ಣು ಚುರುಕಿದ್ದ ಮಕ್ಕಳಿಗೆ ಅದರ ಪಶ್ಚಿಮಕ್ಕೆ, ಗ್ಲೋಬಿನಲ್ಲಿ ಬೆರಳಿನ ಅಗಲದಷ್ಟು ದೂರದಲ್ಲಿ, ಪಿಟ್‌ಕೇರ್ನ್ ಎಂಬ ಪುಟ್ಟ ದ್ವೀಪದ ಹೆಸರು ಕಾಣುತ್ತದೆ.